ಹುಡುಗನ ಕೈಗೆ ಗಾಡಿಯ ಚಾವಿ: ಪಾಲಕರು, ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜಮಖಂಡಿಯಲ್ಲಿ ವಕೀಲ. ಮೋಟಾರು ಅಪಘಾತದ ಕೇಸುಗಳನ್ನೇ ಜಾಸ್ತಿ ನಡೆಸುತ್ತೇನೆ. ಹದಿನೆಂಟು ತುಂಬದ ಹುಡುಗ ಗಾಡಿ ಓಡಿಸಿ ಸಿಕ್ಕಿಬಿದ್ದ ಮೇಲೆ ಮನೆಯವರು ಬಂದು ಕೂರುತ್ತಾರೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ವಕೀಲ್ರ, ದಂಡ ಎಷ್ಟ ಬೀಳತೈತ್ರಿ?" 25 ಸಾವಿರ ಎಂದ ಕೂಡಲೇ ಮುಖ ಸಪ್ಪಗಾಗುತ್ತದೆ. ಆದರೆ ರಸ್ತೆಯಲ್ಲಿ ಯಾರಿಗಾದರೂ ಪೆಟ್ಟಾಗಿದ್ದರೆ ಆ 25 ಸಾವಿರ ಸಣ್ಣ ಮೊತ್ತ. ಹೊಲ ಮಾರುವ ಹಂತಕ್ಕೆ ತರುವುದು ಬೇರೆ ಲೆಕ್ಕ. ಅದು ಜನರಿಗೆ ಗೊತ್ತಾಗುವುದು ಎರಡು ಮೂರು ವರ್ಷದ ನಂತರ, ವಿಮಾ ಕಂಪನಿಯ ನೋಟಿಸು ಮನೆಗೆ ಬಂದಾಗ. ಹಾಗಾಗಿ ಇಲ್ಲಿ ಆ ಲೆಕ್ಕಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹದಿನಾರು ತುಂಬಿದರೆ ಸ್ಕೂಟಿ ಓಡಿಸಬಹುದು ಅಂತಾರಲ್ಲ, ನಿಜವೇ?

ಅರ್ಧ ನಿಜ. ಮೋಟಾರು ವಾಹನ ಕಾಯ್ದೆಯ ಕಲಂ 4ರ ಪ್ರಕಾರ ಹದಿನಾರು ತುಂಬಿದವರು 50 ಸಿಸಿ ಮೀರದ ಗಾಡಿ ಓಡಿಸಬಹುದು. ಅದಕ್ಕೂ ಲೈಸೆನ್ಸ್ ಬೇಕು, ಪಾಲಕರ ಲಿಖಿತ ಒಪ್ಪಿಗೆ ಬೇಕು. ಆದರೆ ಈಗ ಶೋರೂಮಿನಲ್ಲಿ ನಿಂತಿರುವ ಪೆಟ್ರೋಲ್ ಸ್ಕೂಟರುಗಳೆಲ್ಲ 100 ಸಿಸಿ, 110 ಸಿಸಿ, 125 ಸಿಸಿಯವು. ಗೇರ್ ಇಲ್ಲ ಎಂದ ಮಾತ್ರಕ್ಕೆ ಅವು ಹದಿನಾರರ ಹುಡುಗ ಹುಡುಗಿಯರಿಗೆ ಆಗುವುದಿಲ್ಲ. ಅವಕ್ಕೆ ಹದಿನೆಂಟೇ ತುಂಬಬೇಕು.

ಬ್ಯಾಟರಿ ಗಾಡಿಯ ವಿಷಯದಲ್ಲೂ ಇದೇ ಗೊಂದಲ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಮತ್ತು ಓಟ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇದ್ದರೆ ಮಾತ್ರ ಲೈಸೆನ್ಸ್ ಬೇಡ. ಗಾಡಿಗೆ ನಂಬರ್ ಪ್ಲೇಟ್ ಇದೆ, ಆರ್‌ಸಿ ಇದೆ ಎಂದರೆ ಅದು ಮೋಟಾರು ವಾಹನವೇ. ಪೆಟ್ರೋಲೋ ಬ್ಯಾಟರಿಯೋ ಅನ್ನುವುದು ಅಲ್ಲಿ ಮುಖ್ಯವಲ್ಲ.

ನಮ್ಮ ಹೊಲದಲ್ಲಿ ಮಗ ಟ್ರ್ಯಾಕ್ಟರ್ ಓಡಿಸುತ್ತಾನೆ. ಅದೂ ತಪ್ಪೇ?

ಲೈಸೆನ್ಸ್ ಬೇಕು ಎನ್ನುವ ನಿಯಮ ಇರುವುದು ಸಾರ್ವಜನಿಕ ಜಾಗಕ್ಕೆ. ಸ್ವಂತ ಹೊಲದ ಬದುವಿನೊಳಗೆ ರಂಟೆ ಹೊಡೆಯುವಾಗ ಆ ನಿಯಮ ತಾಗುವುದಿಲ್ಲ. ಆದರೆ ಟ್ರ್ಯಾಕ್ಟರಿನ ಮುಂದಿನ ಗಾಲಿ ಹೊಲ ದಾಟಿ ರಸ್ತೆಗೆ ಬಂದ ಕೂಡಲೇ ಪೂರ್ತಿ ಕಾನೂನು ಶುರುವಾಗುತ್ತದೆ. ಊರ ಒಳಗಿನ ಕಚ್ಚಾ ರಸ್ತೆಯಾದರೂ ಅಷ್ಟೇ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಅಥಣಿ, ರಾಯಬಾಗ ಕಡೆ ಫ್ಯಾಕ್ಟರಿಗೆ ಸಾಲುಗಟ್ಟಿ ಹೋಗುವ ಟ್ರ್ಯಾಕ್ಟರುಗಳನ್ನು ನೋಡಿದ್ದೀರಲ್ಲ. ರಾತ್ರಿ ಪಾಳಿಯಲ್ಲಿ ಅಪ್ಪನಿಗೆ ನಿದ್ದೆ ಬಂತೆಂದು "ಸ್ವಲ್ಪ ದೂರ ನೀನ ಹೊಡಿ" ಎಂದು ಮಗನಿಗೆ ಸ್ಟೇರಿಂಗ್ ಕೊಡುವುದು ಅಪರೂಪವೇನಲ್ಲ. ಎರಡು ಟ್ರೇಲರ್ ಕಬ್ಬು ಹೇರಿದ ಗಾಡಿ ಅದು. ಅಲ್ಲಿ ಆಗುವ ಅನಾಹುತ ಬೈಕಿನದರಂತೆ ಇರುವುದಿಲ್ಲ.

ಅಪಘಾತ ಆಗಿಲ್ಲ, ಸುಮ್ನೆ ತಪಾಸಣೆಯಲ್ಲಿ ಹಿಡಿದಿದ್ದಾರೆ. ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಬಹುದೇ?

ಆಗುವುದಿಲ್ಲ. ಹೆಲ್ಮೆಟ್ ಇಲ್ಲದ್ದಕ್ಕೆ ರಸೀದಿ ಹರಿದು ಕೊಟ್ಟಂತೆ ಇದನ್ನು ಮುಗಿಸಲು ಬರುವುದಿಲ್ಲ. 2019ರ ತಿದ್ದುಪಡಿಯಲ್ಲಿ ಕಲಂ 199ಎ ಎಂಬ ಹೊಸ ಕಲಂ ಬಂತು. ಅದೇ ವರ್ಷದ ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ಸ್ಥಳದಲ್ಲೇ ರಾಜಿ ದಂಡ ತೆಗೆದುಕೊಳ್ಳಬಹುದಾದ ಅಪರಾಧಗಳ ಪಟ್ಟಿ ಕಲಂ 200ರಲ್ಲಿದೆ. ಆ ಪಟ್ಟಿಯಲ್ಲಿ 199ಎ ಇಲ್ಲ. ಆದ್ದರಿಂದ ಗಾಡಿ ಠಾಣೆಗೆ ಹೋಗುತ್ತದೆ, ಕೇಸು ತಾಲೂಕಿನ ಮ್ಯಾಜಿಸ್ಟ್ರೇಟರ ಕೋರ್ಟಿಗೆ, ಅಂದರೆ ಜೆಎಂಎಫ್‌ಸಿ ಕೋರ್ಟಿಗೆ ಹೋಗುತ್ತದೆ.

ಆ ಕಲಂ ಹೇಳುವುದು ಇಷ್ಟು. ಅಪ್ರಾಪ್ತ ವಯಸ್ಸಿನವರು ಈ ಕಾಯ್ದೆಯಡಿ ತಪ್ಪು ಮಾಡಿದರೆ ಪಾಲಕ ಅಥವಾ ಗಾಡಿಯ ಮಾಲೀಕನೇ ತಪ್ಪಿತಸ್ಥ ಎಂದು ಭಾವಿಸಲಾಗುತ್ತದೆ. ಅವರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ, ಎಲ್‌ಎಲ್‌ಆರ್ ಕೂಡ ಇಲ್ಲ. ಈ ಕೊನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ. ಹದಿನೇಳಕ್ಕೆ ಸಿಕ್ಕಿಬಿದ್ದ ಹುಡುಗ ಮುಂದೆ ಡ್ರೈವರ್ ಕೆಲಸಕ್ಕೋ ಡೆಲಿವರಿ ಕೆಲಸಕ್ಕೋ ಹೋಗಬೇಕೆಂದರೆ ಎಂಟು ವರ್ಷ ಕಾಯಬೇಕು.

ಇವುಗಳ ಜೊತೆಗೆ ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟದ್ದಕ್ಕೆ ಕಲಂ 180ರಡಿ 5,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ನಿಜವಾಗಲೂ ಜೈಲಿಗೆ ಹಾಕುತ್ತಾರಾ?

ಯಾರಿಗೂ ಪೆಟ್ಟಾಗದ, ಮೊದಲ ಸಲದ ಕೇಸಿನಲ್ಲಿ ಸಾಮಾನ್ಯವಾಗಿ ದಂಡಕ್ಕೇ ಮುಗಿಯುತ್ತದೆ. ಕೆಲವು ಕೋರ್ಟುಗಳು ದಂಡದ ಜೊತೆಗೆ "ಕೋರ್ಟ್ ಏಳುವವರೆಗೆ" ಎಂಬ ಶಿಕ್ಷೆ ಕೊಡುತ್ತವೆ. ಅಂದರೆ ಸಂಜೆ ನ್ಯಾಯಾಧೀಶರು ಪೀಠದಿಂದ ಏಳುವ ತನಕ ಕೋರ್ಟ್ ಹಾಲಿನಲ್ಲಿ ಕೂತಿರಬೇಕು. ಕಾನೂನಿನ ಭಾಷೆಯನ್ನು ಸ್ವಲ್ಪ ಗಮನಿಸಿ. ಜೈಲಿನ ಬಗ್ಗೆ "ಮೂರು ವರ್ಷದವರೆಗೆ" ಎಂದಿದೆ, ಆದ್ದರಿಂದ ಎಷ್ಟು ಎನ್ನುವುದು ನ್ಯಾಯಾಧೀಶರ ವಿವೇಚನೆ. ದಂಡದ ಬಗ್ಗೆ "25 ಸಾವಿರದವರೆಗೆ" ಎಂದಿಲ್ಲ, 25 ಸಾವಿರ ಎಂದೇ ಇದೆ. "ನಾ ಬಡವ ಅದೀನ್ರಿ, ಐದ ಸಾವಿರ ಮಾಡ್ರಿ" ಎಂದು ಕೈಮುಗಿದರೂ ಅವರಿಗೆ ಇಳಿಸಲು ದಾರಿಯಿಲ್ಲ.

ಬಂಧನದ ಭಯವೂ ಇರುತ್ತದೆ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಸಾಮಾನ್ಯವಾಗಿ ಹಾಜರಾಗಲು ನೋಟಿಸು ಕೊಡಬೇಕು. ಬಂಧಿಸುವುದಾದರೆ ಕಾರಣ ಬರೆದಿಡಬೇಕು. ನೋಟಿಸು ಬಂದರೆ ತಪ್ಪದೆ ಹೋಗಿ. ಹೋಗದೆ ಕೂತರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತಾಗುತ್ತದೆ.

"ನನಗೆ ಗೊತ್ತೇ ಇರಲಿಲ್ಲ, ಚಾವಿ ತಾನೇ ತಗೊಂಡು ಹೋದ." ಹೀಗೆ ಹೇಳಿದರೆ ಬಿಡುತ್ತಾರಾ?

ನನಗೆ ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು. ಉತ್ತರವನ್ನು ಎರಡು ಭಾಗ ಮಾಡಬೇಕು. ಶಿಕ್ಷೆಯ ಕೇಸಿನಲ್ಲಿ ಈ ಮಾತಿಗೆ ಸ್ವಲ್ಪ ಬೆಲೆ ಇದೆ. ಪರಿಹಾರದ ಕೇಸಿನಲ್ಲಿ ಹೆಚ್ಚು ಕಡಿಮೆ ಇಲ್ಲವೇ ಇಲ್ಲ.

ಮೊದಲು ಶಿಕ್ಷೆಯ ಕೇಸು. ಸಾಮಾನ್ಯ ಕ್ರಿಮಿನಲ್ ಕೇಸಿನಲ್ಲಿ ಎಲ್ಲವನ್ನೂ ಪೊಲೀಸರೇ ಸಾಬೀತು ಮಾಡಬೇಕು. 199ಎಯಲ್ಲಿ ಹಾಗಿಲ್ಲ. ಹುಡುಗ ಗಾಡಿ ಓಡಿಸಿದ್ದಾನೆ ಎಂದಾದರೆ ಪಾಲಕರ ಅಥವಾ ಮಾಲೀಕರ ಒಪ್ಪಿಗೆ ಇತ್ತು ಎಂದೇ ಕೋರ್ಟು ಭಾವಿಸಬೇಕು. ಗೊತ್ತಿರಲಿಲ್ಲ, ಅಥವಾ ತಡೆಯಲು ಎಲ್ಲ ಎಚ್ಚರಿಕೆ ವಹಿಸಿದ್ದೆ ಎಂದು ತೋರಿಸುವ ಹೊಣೆ ನಿಮ್ಮದು. ಬರೀ ಬಾಯಿಮಾತು ಅಲ್ಲಿ ಸಾಲುವುದಿಲ್ಲ. ಚಾವಿ ಎಲ್ಲಿತ್ತು ಎಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ. ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದರೆ ಅದು ಎಚ್ಚರಿಕೆಯಲ್ಲ. ತಿಜೋರಿಯಲ್ಲಿಟ್ಟಿದ್ದಿರಿ, ಹುಡುಗ ಬೀಗ ಮುರಿದ ಎಂದರೆ ಅದು ಬೇರೆ ಮಾತು. ಹುಡುಗ ಮೊದಲೂ ಅದೇ ಗಾಡಿಯಲ್ಲಿ ಕಾಲೇಜಿಗೆ, ಡೇರಿಗೆ ಹೋಗಿದ್ದನ್ನು ಓಣಿಯವರು ನೋಡಿದ್ದರೆ, ಅವನದೇ ಮೊಬೈಲಿನಲ್ಲಿ ಗಾಡಿ ಮೇಲಿನ ವಿಡಿಯೋ ಇದ್ದರೆ, "ಗೊತ್ತಿರಲಿಲ್ಲ" ಎನ್ನುವುದು ಅಲ್ಲಿಗೇ ಬಿದ್ದುಹೋಗುತ್ತದೆ.

ಇನ್ನು ಪರಿಹಾರದ ಕೇಸು. 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಬ್ಬ ಮಾಲೀಕರು ಇದೇ ವಾದ ಇಟ್ಟರು. ಮನೆಗೆ ಬಂದ ಅಪ್ರಾಪ್ತ ಹುಡುಗ ಹೇಳದೆ ಕೇಳದೆ ಚಾವಿ ತೆಗೆದುಕೊಂಡು ಹೋದ, ಆದ್ದರಿಂದ ತನ್ನದು ಹೊಣೆಯಿಲ್ಲ ಎಂದರು. ಕೋರ್ಟು ಒಪ್ಪಲಿಲ್ಲ. ವಿಮಾ ಕಂಪನಿ ಸಂತ್ರಸ್ತರಿಗೆ ಹಣ ಕೊಟ್ಟು ಅದನ್ನು ಮಾಲೀಕರಿಂದ ವಸೂಲಿ ಮಾಡಬಹುದು ಎಂಬ ಆದೇಶವೇ ಉಳಿಯಿತು. ಗಾಡಿ ನಿಮ್ಮದು, ಅದು ತಪ್ಪು ಕೈಗೆ ಹೋಗದಂತೆ ನೋಡಿಕೊಳ್ಳುವುದೂ ನಿಮ್ಮ ಕೆಲಸ ಎಂಬುದು ಅದರ ತಿರುಳು.

ನಮ್ಮ ಗಾಡಿಗೆ ಇನ್ಶೂರೆನ್ಸ್ ಇದೆ. ಮತ್ತೆ ನಮಗೇನು ಚಿಂತೆ?

ಇಲ್ಲಿಯೇ ಜನ ಮೋಸ ಹೋಗುವುದು. ಒಂದು ಉದಾಹರಣೆ ಹಿಡಿದು ಪೂರ್ತಿ ಹೇಳುತ್ತೇನೆ. ಇದು ಯಾರದೋ ಒಬ್ಬರ ಕಥೆಯಲ್ಲ, ಲೆಕ್ಕ ತಿಳಿಯಲಿ ಎಂದು ನಾನೇ ಜೋಡಿಸಿದ್ದು.

ನವೆಂಬರ್ ತಿಂಗಳು, ಸಂಜೆ ಏಳು ಗಂಟೆ. ಜಮಖಂಡಿ–ಮುಧೋಳ ರಸ್ತೆ. ಪಿಯುಸಿ ಮೊದಲ ವರ್ಷದ ಹುಡುಗ, ಹದಿನಾರು ವರ್ಷ ಏಳು ತಿಂಗಳು. ಗಾಡಿ ಅವನ ಕಾಕಾನ ಹೆಸರಿನಲ್ಲಿದೆ, ಕೆಎ-48 ನಂಬರಿನದು. ಥರ್ಡ್ ಪಾರ್ಟಿ ವಿಮೆ ಚಾಲ್ತಿಯಲ್ಲಿದೆ. ಎದುರಿನ ಕಬ್ಬಿನ ಟ್ರ್ಯಾಕ್ಟರಿನ ಬೆಳಕು ಕಣ್ಣಿಗೆ ಹೊಡೆದು, ರಸ್ತೆ ಬದಿಯಲ್ಲಿ ನಡೆದು ಬರುತ್ತಿದ್ದ ಒಬ್ಬ ಗೌಂಡಿಗೆ ಗಾಡಿ ಗುದ್ದುತ್ತದೆ. ಗೌಂಡಿಗೆ 38 ವರ್ಷ. ಆಸ್ಪತ್ರೆಯಲ್ಲಿ ತೀರಿಕೊಳ್ಳುತ್ತಾರೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ.

ಮನೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುತ್ತಾರೆ. ಲೆಕ್ಕ ಹೀಗೆ ನಡೆಯುತ್ತದೆ. ಗೌಂಡಿಯ ಗಳಿಕೆ ತಿಂಗಳಿಗೆ 15,000 ಎಂದು ನ್ಯಾಯಮಂಡಳಿ ಒಪ್ಪಿತು ಅಂದುಕೊಳ್ಳಿ. ನಲವತ್ತರೊಳಗಿನ, ಸ್ವಂತ ದುಡಿಮೆಯ ಮನುಷ್ಯ. ಮುಂದೆ ಗಳಿಕೆ ಬೆಳೆಯುತ್ತಿತ್ತು ಎಂದು ಅದಕ್ಕೆ ಶೇಕಡಾ 40 ಸೇರಿಸುತ್ತಾರೆ. 21,000 ಆಯಿತು. ಅವಲಂಬಿತರು ನಾಲ್ವರು, ಆದ್ದರಿಂದ ಅವರ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯುತ್ತಾರೆ. 15,750 ಉಳಿಯಿತು. ವರ್ಷಕ್ಕೆ 1,89,000. 36ರಿಂದ 40 ವರ್ಷದವರಿಗೆ ಗುಣಕ 15. ಗುಣಿಸಿದರೆ 28,35,000. ಅದರ ಮೇಲೆ ಹೆಂಡತಿ, ಮಕ್ಕಳು, ತಾಯಿ ಕಳೆದುಕೊಂಡ ಪ್ರೀತಿ ಆಸರೆಗೆ, ಮಣ್ಣು ಮಾಡಿದ ಖರ್ಚಿಗೆ ಎಂದು ಇನ್ನು ಎರಡು ಲಕ್ಷ ಚಿಲ್ಲರೆ. ಮೂವತ್ತು ಲಕ್ಷ ದಾಟಿತು. ಅರ್ಜಿ ಹಾಕಿದ ದಿನದಿಂದ ಬಡ್ಡಿ ಬೇರೆ. ಶೇಕಡಾ 6 ಹಿಡಿದರೂ ವರ್ಷಕ್ಕೆ 1.8 ಲಕ್ಷ. ಕೇಸು ಮುಗಿಯಲು ಮೂರು ವರ್ಷ ಹಿಡಿದರೆ ಒಟ್ಟು 36 ಲಕ್ಷದ ಹತ್ತಿರ.

ವಿಮೆ ಇದೆಯಲ್ಲ, ಕಂಪನಿ ಕೊಡುತ್ತದೆ. ಆ ಮಟ್ಟಿಗೆ ಸತ್ಯ. ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೂರ್ಣಪೀಠ 2020ರಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಓಡಿಸಿದವನಿಗೆ ಲೈಸೆನ್ಸ್ ಇರಲಿಲ್ಲ ಎಂಬ ಕಾರಣ ಹೇಳಿ ಕಂಪನಿ ಸಂತ್ರಸ್ತರಿಗೆ ಬರಿಗೈ ತೋರಿಸುವಂತಿಲ್ಲ. ಮೊದಲು ಕೊಡಬೇಕು. ಸತ್ತವರ ಮನೆಗೆ ಇದು ದೊಡ್ಡ ಆಸರೆ, ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಅದೇ ಆದೇಶದ ಕೊನೆಯ ಸಾಲಿನಲ್ಲಿ ಇನ್ನೊಂದು ಮಾತಿರುತ್ತದೆ: ಕೊಟ್ಟ ಹಣವನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಬಹುದು. ಕೋರ್ಟಿನಲ್ಲಿ ಇದಕ್ಕೆ "ಪೇ ಅಂಡ್ ರಿಕವರಿ" ಎನ್ನುತ್ತಾರೆ. ಅಂದರೆ ಆ 36 ಲಕ್ಷ ಕೊನೆಗೆ ಬಂದು ನಿಲ್ಲುವುದು ಕಾಕಾನ ತಲೆಯ ಮೇಲೆ.

ಕಂಪನಿ ನಿಜವಾಗಲೂ ವಸೂಲಿಗೆ ಬರುತ್ತದಾ? ಕೈಯಲ್ಲಿ ದುಡ್ಡಿಲ್ಲ ಎಂದರೆ?

ಬರುತ್ತದೆ, ಸ್ವಲ್ಪ ತಡವಾಗಿ. ಮಾಲೀಕನ ವಿರುದ್ಧ ಹೊಸ ದಾವೆ ಹೂಡುವ ಕೆಲಸವೂ ಕಂಪನಿಗಿಲ್ಲ. ಅದೇ ತೀರ್ಪನ್ನು ಜಾರಿ ಮಾಡಿಸಿ ಎಂದು ಅಮಲ್ಜಾರಿ ಅರ್ಜಿ ಹಾಕಬಹುದು. ಇಲ್ಲವೇ ಕಲಂ 174ರಡಿ ನ್ಯಾಯಮಂಡಳಿಯಿಂದ ಪ್ರಮಾಣಪತ್ರ ಪಡೆದು, ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿ ಮೂಲಕ ವಸೂಲಿ ಮಾಡಿಸಬಹುದು. ದುಡ್ಡಿಲ್ಲ ಎಂದರೆ ಹೊಲದ ಜಪ್ತಿ ಕೇಳುತ್ತಾರೆ. ಹೊಲಕ್ಕೆ ಜಪ್ತಿ ಬಿದ್ದರೆ ಅದು ತೀರುವವರೆಗೆ ಮಾರಲು ಬರುವುದಿಲ್ಲ, ಬ್ಯಾಂಕು ಬೆಳೆಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ. ಅಣ್ಣತಮ್ಮಂದಿರ ಉತಾರ ಇನ್ನೂ ಒಂದೇ ಇದ್ದರೆ ಜಗಳ ಶುರುವಾಗುವುದು ಅಲ್ಲಿಂದಲೇ. ಗಾಡಿ ಕಾಕಾನದು, ಹುಡುಗ ಅಣ್ಣನವನು, ಹೊಲ ಎಲ್ಲರದು.

ಮಾಲೀಕ ಮಾಡುವ ದೊಡ್ಡ ತಪ್ಪು ಇನ್ನೊಂದಿದೆ. ನ್ಯಾಯಮಂಡಳಿಯ ನೋಟಿಸು ಬಂದಾಗ "ಇನ್ಶೂರೆನ್ಸ್‌ನವರು ನೋಡ್ಕೋತಾರ" ಎಂದು ಅದನ್ನು ಮೂಲೆಗೆ ಹಾಕುತ್ತಾರೆ. ಕೋರ್ಟಿಗೆ ಹೋಗುವುದಿಲ್ಲ. ಏಕಪಕ್ಷೀಯ ಎಂದು ಬರೆದು ಕೇಸು ಮುಂದೆ ಹೋಗುತ್ತದೆ. ಕಂಪನಿಯ ವಕೀಲರು ಅಲ್ಲಿ ತಮ್ಮ ಕಕ್ಷಿದಾರರನ್ನು ಕಾಯುತ್ತಾರೆ, ನಿಮ್ಮನ್ನಲ್ಲ. ಹುಡುಗನ ತಪ್ಪೇ ಇರಲಿಲ್ಲ, ಗೌಂಡಿಯ ಗಳಿಕೆ ಅಷ್ಟಿರಲಿಲ್ಲ, ಎದುರು ಬಂದ ಟ್ರ್ಯಾಕ್ಟರಿನದೂ ಪಾಲಿದೆ ಎಂದು ಹೇಳುವ ಅವಕಾಶ ನಿಮಗಿರುವುದು ಆಗ ಮಾತ್ರ. ತೀರ್ಪು ಬಂದ ಮೇಲೆ ಮೇಲ್ಮನವಿಗೆ 90 ದಿನ. ಬಾಗಲಕೋಟೆ, ಬೆಳಗಾವಿಯವರು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಬೇಕು, ವಿಜಯಪುರದವರು ಕಲಬುರಗಿ ಪೀಠಕ್ಕೆ. ಹಣ ಕೊಡಬೇಕಾದವರು ಮೇಲ್ಮನವಿ ಹಾಕುವಾಗ 25,000 ಅಥವಾ ತೀರ್ಪಿನ ಅರ್ಧ ಮೊತ್ತ, ಯಾವುದು ಕಡಿಮೆಯೋ ಅಷ್ಟನ್ನು ಠೇವಣಿ ಇಡಬೇಕು.

ವಿಮೆಯೇ ಇಲ್ಲದಿದ್ದರೆ ನಡುವೆ ಯಾರೂ ಇರುವುದಿಲ್ಲ. ಪೂರ್ತಿ ಹಣ ನೇರವಾಗಿ ಮಾಲೀಕನ ಮೇಲೆಯೇ.

ಹುಡುಗನ ಬದಲು ದೊಡ್ಡವರೊಬ್ಬರು ಓಡಿಸುತ್ತಿದ್ದರು ಅಂತ ಬರೆಸಿದರೆ?

ದಯವಿಟ್ಟು ಆ ದಾರಿ ಹಿಡಿಯಬೇಡಿ. ಅಪಘಾತ ಆದ ರಾತ್ರಿಯೇ ಈ ಸಲಹೆ ಕೊಡುವವರು ಊರಲ್ಲಿ ಒಬ್ಬರಾದರೂ ಇರುತ್ತಾರೆ. "ಲೈಸೆನ್ಸ್ ಇರೋ ನಮ್ಮ ಅಣ್ಣಾನ ಹೆಸರ ಹಾಕ್ಸೂಣು, ಇನ್ಶೂರೆನ್ಸೂ ಉಳೀತೈತಿ" ಎನ್ನುತ್ತಾರೆ. ಕೇಳಲು ಹಗುರ ಅನ್ನಿಸುತ್ತದೆ.

ಇದು ಹೇಗೆ ಬಯಲಾಗುತ್ತದೆ ನೋಡಿ. ಗಾಡಿ ಬಿದ್ದಾಗ ಓಡಿಸಿದವನಿಗೂ ತರಚಿರುತ್ತದೆ, ಪೊಲೀಸ್ ಕೇಸಾಗುವ ಗಾಯಗಳನ್ನು ಬರೆದಿಡುವ ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರಿನಲ್ಲಿ ಅವನ ಹೆಸರು, ವಯಸ್ಸು, "ಬೈಕ್ ಓಡಿಸುವಾಗ ಬಿದ್ದದ್ದು" ಎಂಬ ಮಾತು ದಾಖಲಾಗಿರುತ್ತದೆ. ಹೆಸರು ಕೊಟ್ಟ ಅಣ್ಣನ ಮೈಮೇಲೆ ಒಂದು ಗೀರೂ ಇರುವುದಿಲ್ಲ. ಪೆಟ್ರೋಲ್ ಪಂಪಿನ, ಅಂಗಡಿಯ ಕ್ಯಾಮೆರಾ ಇರುತ್ತದೆ. ಮೊಬೈಲ್ ಟವರ್ ಅವನು ಆ ಹೊತ್ತಿನಲ್ಲಿ ಬೇರೆ ಊರಲ್ಲಿದ್ದ ಎಂದು ಹೇಳುತ್ತದೆ. ಕಂಪನಿಯ ತನಿಖೆಗಾರರು ಇದನ್ನೇ ಹುಡುಕಿಕೊಂಡು ಊರಿಗೆ ಬರುತ್ತಾರೆ, ಏಕೆಂದರೆ ಲಕ್ಷಗಟ್ಟಲೆ ಹಣದ ಪ್ರಶ್ನೆ.

ಸಿಕ್ಕಿದರೆ ನಿರ್ಲಕ್ಷ್ಯದ ಕೇಸು ಸುಳ್ಳಿನ ಕೇಸಾಗುತ್ತದೆ. ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿದರೆ ಏಳು ವರ್ಷದವರೆಗೆ ಶಿಕ್ಷೆ ಇದೆ. 2024ರ ಮೇ ತಿಂಗಳ ಪುಣೆಯ ಪೋರ್ಷೆ ಕಾರಿನ ಪ್ರಕರಣ ನಿಮಗೆ ನೆನಪಿರಬಹುದು. ಹದಿನೇಳರ ಹುಡುಗನ ಕಾರು ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಹುಡುಗನಿಗೆ ಕೆಲವೇ ಗಂಟೆಗಳಲ್ಲಿ ಜಾಮೀನು ಸಿಕ್ಕಿತು, 300 ಪದದ ಪ್ರಬಂಧ ಬರೆಯಬೇಕೆಂಬ ಷರತ್ತು ದೇಶದ ತುಂಬಾ ಸುದ್ದಿಯಾಯಿತು. ಆದರೆ ಮುಂದೆ ಡ್ರೈವರ್ ಮೇಲೆ ತಪ್ಪು ಹೊರಿಸಲು ನೋಡಿದ ಆರೋಪ, ರಕ್ತದ ಮಾದರಿ ಬದಲಿಸಿದ ಆರೋಪ ಬಂದು ಮನೆಯ ದೊಡ್ಡವರು, ವೈದ್ಯರು ಬಂಧನಕ್ಕೊಳಗಾದರು. ಅಪಘಾತಕ್ಕಿಂತ ಅದನ್ನು ಮುಚ್ಚಲು ಹೋದದ್ದೇ ದೊಡ್ಡವರನ್ನು ಒಳಗೆ ಹಾಕಿಸಿತು.

ಹುಡುಗನಿಗೆ ಏನಾಗುತ್ತದೆ? ಜೈಲಿಗೆ ಹೋಗುತ್ತಾನಾ?

ಜೈಲಿಗೂ ಇಲ್ಲ, ಪೊಲೀಸ್ ಲಾಕಪ್ಪಿಗೂ ಇಲ್ಲ. ಅವನ ವಿಚಾರ ಬಾಲ ನ್ಯಾಯ ಮಂಡಳಿಯ ಮುಂದೆ ನಡೆಯುತ್ತದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು ಮತ್ತು ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಇಬ್ಬರಲ್ಲಿ ಒಬ್ಬರು ಹೆಣ್ಣುಮಗಳಾಗಿರಬೇಕು. ಸಾಮಾನ್ಯವಾಗಿ ಜಾಮೀನು ಸಿಗುತ್ತದೆ. ಬಿಟ್ಟರೆ ಅವನಿಗೇ ಅಪಾಯ, ಕೆಟ್ಟ ಸಹವಾಸಕ್ಕೆ ಬೀಳುತ್ತಾನೆ ಎಂಬಂಥ ಕಾರಣವಿದ್ದರೆ ಮಾತ್ರ ಇಂಥ ಮಕ್ಕಳನ್ನು ಇಡುವ ವೀಕ್ಷಣಾಲಯಕ್ಕೆ ಕಳಿಸುತ್ತಾರೆ.

ಸಾವಾಗಿದ್ದರೆ ಸಾಮಾನ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ ಕಲಂ 106(1) ಹಾಕುತ್ತಾರೆ. ನಿರ್ಲಕ್ಷ್ಯದಿಂದ ಸಾವು, ದೊಡ್ಡವರಿಗಾದರೆ ಐದು ವರ್ಷದವರೆಗೆ ಶಿಕ್ಷೆ. ಹಳೆಯ ಭಾರತೀಯ ದಂಡ ಸಂಹಿತೆಯ ಕಲಂ 304ಎಯಲ್ಲಿ ಎರಡೇ ವರ್ಷ ಇತ್ತು. "ಹದಿನಾರು ದಾಟಿದೆ, ದೊಡ್ಡವರಂತೆ ವಿಚಾರಣೆ ಮಾಡುತ್ತಾರಂತೆ" ಎಂಬ ಹೆದರಿಕೆ ಪಾಲಕರಿಗೆ ಇರುತ್ತದೆ. ಅದು ಕನಿಷ್ಠ ಶಿಕ್ಷೆಯೇ ಏಳು ವರ್ಷ ಇರುವ ಘೋರ ಅಪರಾಧಗಳಿಗೆ ಮಾತ್ರ. 2016ರಲ್ಲಿ ದೆಹಲಿಯಲ್ಲಿ ಅಪ್ರಾಪ್ತ ಹುಡುಗನೊಬ್ಬ ಮರ್ಸಿಡಿಸ್ ಕಾರು ಗುದ್ದಿ ಒಬ್ಬರು ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಇದನ್ನೇ ಹೇಳಿತು. ಆ ಕೇಸಿನಲ್ಲಿ ನಿರ್ಲಕ್ಷ್ಯಕ್ಕಿಂತ ದೊಡ್ಡ ಕಲಂ ಹಾಕಿದ್ದರು. ಆದರೂ ಆ ಕಲಮಿಗೆ ಕನಿಷ್ಠ ಶಿಕ್ಷೆ ಎಂದು ಇಲ್ಲವಾದ್ದರಿಂದ ಅದು ಘೋರ ಅಪರಾಧದ ಗುಂಪಿಗೆ ಬರಲಿಲ್ಲ.

ಮಂಡಳಿ ಎಚ್ಚರಿಕೆ ಕೊಟ್ಟು ಬಿಡಬಹುದು, ಸಮಾಜ ಸೇವೆ ಮಾಡಿಸಬಹುದು, ಪಾಲಕರಿಗೆ ದಂಡ ಹಾಕಬಹುದು, ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿ ಇಡಬಹುದು. ಬಹಳವೆಂದರೆ ಮೂರು ವರ್ಷದವರೆಗೆ ವಿಶೇಷ ಗೃಹ. ಮುಂದೆ ನೌಕರಿಗೆ ಇದು ಅಡ್ಡಿಯಾಗಬಾರದೆಂದು ಕಾಯ್ದೆಯೇ ಹೇಳುತ್ತದೆ.

ಮಗನಿಗೆ ನಿಜವಾಗಿ ಹದಿನೆಂಟು ತುಂಬಿದೆ. ಶಾಲೆಯಲ್ಲಿ ವಯಸ್ಸು ಕಡಿಮೆ ಬರೆಸಿದ್ದೇವೆ. ಯಾವುದು ನಡೆಯುತ್ತದೆ?

ಶಾಲೆಯದ್ದೇ. ಬಾಲ ನ್ಯಾಯ ಕಾಯ್ದೆಯ ಕಲಂ 94ರ ಪ್ರಕಾರ ಮೊದಲು ನೋಡುವುದು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ನಮ್ಮ ಕಡೆ ಮಾಸ್ತರು ಜೂನ್ 1 ಎಂದು ಅಂದಾಜಿಗೆ ಬರೆದ ಮಕ್ಕಳು ಎಷ್ಟೋ ಇದ್ದಾರೆ. ಆ ಅಂದಾಜೇ ಕೋರ್ಟಿನಲ್ಲಿ ಅವರ ವಯಸ್ಸು. ಲೆಕ್ಕ ಹಾಕುವುದು ಗಾಡಿ ಓಡಿಸಿದ ದಿನಕ್ಕೆ, ಕೇಸು ನಡೆಯುವ ದಿನಕ್ಕಲ್ಲ.

ಗಾಡಿ ಮಾರಿ ಎರಡು ವರ್ಷ ಆಯಿತು. ಈಗ ನನಗೆ ನೋಟಿಸು ಬಂದಿದೆ. ಏಕೆ?

ಆರ್‌ಸಿ ಇನ್ನೂ ನಿಮ್ಮ ಹೆಸರಿನಲ್ಲಿದೆ, ಅದಕ್ಕೆ. ಹಳೆಯ ಗಾಡಿಯನ್ನು ನೂರು ರೂಪಾಯಿ ಬಾಂಡಿನ ಮೇಲೆ ಬರೆದು ಕೊಟ್ಟು ಕೈತೊಳೆದುಕೊಳ್ಳುವುದು ನಮ್ಮ ಸಂತೆ ಊರುಗಳಲ್ಲಿ ಮಾಮೂಲು. ಕೊಂಡವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ಮಾರುತ್ತಾನೆ. ಕೊನೆಗೆ ಯಾವುದೋ ಊರಿನ ಹುಡುಗ ಅದರಲ್ಲಿ ಅಪಘಾತ ಮಾಡುತ್ತಾನೆ. 2018ರಲ್ಲಿ ಸುಪ್ರೀಂ ಕೋರ್ಟು ಇಂಥದೇ ಸರಪಳಿ ಮಾರಾಟದ ಕೇಸಿನಲ್ಲಿ, ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು ಎಂದಿತು. ಮಾರಿದ 14 ದಿನದೊಳಗೆ ಫಾರ್ಮ್ 29 ಕೊಟ್ಟು ಆರ್‌ಟಿಒಗೆ ತಿಳಿಸಬೇಕು. ಹೆಸರು ಬದಲಾಗಿದೆಯೇ ಎಂದು ನಂಬರ್ ಹಾಕಿ ನೀವೇ ಒಮ್ಮೆ ನೋಡಿಕೊಳ್ಳಿ. ಕೊಂಡವನ ಮಾತಿನ ಮೇಲೆ ಬಿಡಬೇಡಿ.

ಗಾಡಿಯನ್ನು ಮಗನ ಹೆಸರಿನಲ್ಲೇ ಮಾಡಿಸಿಬಿಟ್ಟರೆ ತಪ್ಪಿಸಿಕೊಳ್ಳಬಹುದೇ ಎಂದು ಒಬ್ಬರು ಕೇಳಿದ್ದರು. ಆಗುವುದಿಲ್ಲ. ಆರ್‌ಸಿ ಅಪ್ರಾಪ್ತರ ಹೆಸರಿನಲ್ಲಿದ್ದರೆ ಅವರ ಪಾಲಕನೇ ಮಾಲೀಕ ಎಂದು ಕಾಯ್ದೆಯಲ್ಲೇ ಬರೆದಿದೆ.

ಪೆಟ್ಟಾದದ್ದು ನಮ್ಮ ಹುಡುಗನಿಗೇ. ಪರಿಹಾರ ಸಿಗುತ್ತದಾ?

ತಪ್ಪು ಯಾರದು ಎಂಬುದರ ಮೇಲೆ ಹೋಗುತ್ತದೆ. ಅವನೇ ಆಯ ತಪ್ಪಿ ಬಿದ್ದಿದ್ದರೆ ಥರ್ಡ್ ಪಾರ್ಟಿ ವಿಮೆಯಲ್ಲಿ ಏನೂ ಸಿಗುವುದಿಲ್ಲ. ಮಾಲೀಕ ಚಾಲಕನಿಗೆಂದು ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಲೈಸೆನ್ಸ್ ಇದ್ದ ಮಾಲೀಕನಿಗೆ ಮಾತ್ರ. ಹಿಂದೆ ಕೂತ ಗೆಳೆಯನ ಪರಿಸ್ಥಿತಿ ಇನ್ನೂ ಕಷ್ಟ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬೈಕಿನ ಹಿಂಬದಿ ಸವಾರ ಸೇರುವುದಿಲ್ಲ. ಆಗ ಕಂಪನಿ ಮೊದಲು ಕೊಡುವ ಪ್ರಶ್ನೆಯೂ ಬರುವುದಿಲ್ಲ, ಗೆಳೆಯನ ಮನೆಯವರು ನೇರ ಮಾಲೀಕನ ಮೇಲೆ ಹೋಗಬೇಕು.

ಆದರೆ ಲಾರಿಯೋ ಕಾರೋ ಬಂದು ಹುಡುಗನಿಗೆ ಗುದ್ದಿದ್ದರೆ, "ಲೈಸೆನ್ಸ್ ಇರಲಿಲ್ಲ, ಏನೂ ಸಿಗೂದಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲೈಸೆನ್ಸ್ ಇಲ್ಲದಿರುವುದು ಒಂದು ತಪ್ಪು, ಅಪಘಾತಕ್ಕೆ ಕಾರಣವಾಗುವುದು ಬೇರೆ ತಪ್ಪು ಎಂದು ಸುಪ್ರೀಂ ಕೋರ್ಟು 2008ರಲ್ಲಿ ಹದಿನೇಳರ ಹುಡುಗನ ಕೇಸಿನಲ್ಲೇ ಹೇಳಿದೆ. ಇಂಥ ಮನೆಗಳವರು ಹೆದರಿ ಅರ್ಜಿಯನ್ನೇ ಹಾಕದೆ ಕೂರುವುದನ್ನು ನೋಡಿದ್ದೇನೆ. ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವು ಇದೆ.

ತಪ್ಪು ಒಪ್ಪಿಕೊಂಡು ಬೇಗ ದಂಡ ಕಟ್ಟಿಬಿಡುವುದು ಒಳ್ಳೆಯದಲ್ವಾ?

ಯಾರಿಗೂ ಪೆಟ್ಟಾಗದ ಕೇಸಿನಲ್ಲಿ, ನಿಜವಾಗಿ ನೀವೇ ಚಾವಿ ಕೊಟ್ಟಿದ್ದರೆ, ಹೌದು. ಓಡಾಟ ಉಳಿಯುತ್ತದೆ.

ಅಪಘಾತದ ಕೇಸಿನಲ್ಲಿ ಅವಸರ ಬೇಡ. ಜೆಎಂಎಫ್‌ಸಿ ಕೋರ್ಟಿನಲ್ಲಿ "ಹೌದು, ನಾನೇ ಗಾಡಿ ಕೊಟ್ಟಿದ್ದೆ" ಎಂದು ಒಪ್ಪಿಕೊಂಡ ಹಾಳೆಯ ನಕಲನ್ನು ಕಂಪನಿಯವರು ಪರಿಹಾರದ ಕೇಸಿನಲ್ಲಿ ತಂದು ಇಡುತ್ತಾರೆ. 25 ಸಾವಿರಕ್ಕೆ ಮುಗಿಸಿದೆ ಎಂದುಕೊಂಡ ಮಾತು 36 ಲಕ್ಷದ ವಸೂಲಿಗೆ ದಾಖಲೆಯಾಗುತ್ತದೆ. ಎರಡೂ ಕೇಸಿನ ಕಾಗದಗಳನ್ನು ಒಬ್ಬರೇ ವಕೀಲರಿಗೆ ತೋರಿಸಿ, ಆಮೇಲೆ ನಿರ್ಧಾರ ಮಾಡಿ. ವಕೀಲರ ಫೀಸು ಕೊಡಲು ಆಗದವರು ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಅದರ ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ.

ಠಾಣೆಯಲ್ಲಿ ನಿಂತ ಗಾಡಿ ಬಿಡಿಸಿಕೊಳ್ಳುವುದು ಹೇಗೆ?

ಆರ್‌ಸಿಯಲ್ಲಿ ಹೆಸರಿರುವವರು ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು. ಆರ್‌ಸಿ, ವಿಮೆ, ಆಧಾರ್ ನಕಲು ಬೇಕು. ಬಾಂಡ್ ಬರೆದುಕೊಡಬೇಕು, ಗಾಡಿಯ ಫೋಟೋ ತೆಗೆಸಿ ಇಡುತ್ತಾರೆ. ಗಾಡಿಗಳನ್ನು ಠಾಣೆಯ ಮುಂದೆ ವರ್ಷಗಟ್ಟಲೆ ತುಕ್ಕು ಹಿಡಿಸಬಾರದು ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ, ಆದ್ದರಿಂದ ಸಾಮಾನ್ಯವಾಗಿ ಬಿಡುಗಡೆ ಆಗುತ್ತದೆ. ಆದರೆ ಬಿಡಿಸಿಕೊಂಡ ಮಾತ್ರಕ್ಕೆ ಓಡಿಸಲು ಬರುವುದಿಲ್ಲ. ಆರ್‌ಟಿಒ ನೋಂದಣಿ ರದ್ದು ಮಾಡಿದ್ದರೆ ಆ ಹನ್ನೆರಡು ತಿಂಗಳು ಗಾಡಿ ಮನೆಯ ಅಂಗಳದಲ್ಲೇ ನಿಲ್ಲಬೇಕು. ಆ ಅವಧಿಯಲ್ಲಿ ರಸ್ತೆಗೆ ತಂದರೆ ನೋಂದಣಿ ಇಲ್ಲದ ಗಾಡಿ ಎಂದು ಹೊಸದೊಂದು ಕೇಸು ಬೀಳುತ್ತದೆ.